ಗುಂಪು ಫೋಟೊದ ಮುಖ ಹತ್ತು ಅಡಿಯ ಫಲಕಕ್ಕೆ ಏಕೆ ಬರಲಿಲ್ಲ? ಒಂದು ಇ-ಮೇಲ್, ಒಂದು ಗಣಿತ ಪಾಠ

ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ಹತ್ತನೆಯ ತರಗತಿಗೆ ನಾನು ಮಾಡಿದ ಒಂದು ಪಾಠ ಪಠ್ಯಪುಸ್ತಕದಿಂದ ಹುಟ್ಟಿದ್ದಲ್ಲ. ಮಾಲೂರಿನಲ್ಲಿ ನನ್ನ ದೊಡ್ಡಮ್ಮನ ಮಗನದೊಂದು ಫೋಟೊ ಸ್ಟುಡಿಯೊ ಇದೆ. ಅಲ್ಲಿಂದ ಒಬ್ಬ ಗ್ರಾಹಕರಿಗೆ ಹೋದ ಇ-ಮೇಲೇ ಆ ಪಾಠದ ಮೂಲ. ಅದನ್ನು ಬರೆಯಲು ಅಣ್ಣನಿಗೆ ನಾನೂ ನೆರವಾಗಿದ್ದೆ. ಬರೆಯುವಾಗ ನನಗೇ ವಿಷಯ ಅರ್ಧ ಗೊತ್ತಿತ್ತು ಎಂಬುದು ತರಗತಿಯಲ್ಲಿ ಬಯಲಾಯಿತು. ಅದನ್ನೂ ಇಲ್ಲಿ ಹೇಳುತ್ತೇನೆ.

ಮಾಸ್ತಿ ರಸ್ತೆಯ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಬಹಳ ವರ್ಷ ಗಣಿತ ಕಲಿಸಿದ ಮೇಷ್ಟ್ರೊಬ್ಬರು ತೀರಿಕೊಂಡಿದ್ದರು. ಹಳೆಯ ವಿದ್ಯಾರ್ಥಿಗಳು ಸೇರಿ ನುಡಿನಮನ ಇಟ್ಟುಕೊಂಡರು. ಶಾಲೆಯ ಗೇಟಿನ ಪಕ್ಕ 20 ಅಡಿ ಅಗಲ, 10 ಅಡಿ ಎತ್ತರದ ಫಲಕ ನಿಲ್ಲಿಸಬೇಕು, ಅದರ ಎಡಬದಿಯಲ್ಲಿ ಮೇಲಿಂದ ಕೆಳಗಿನವರೆಗೂ ಮೇಷ್ಟ್ರ ಚಿತ್ರ ಇರಬೇಕು ಎಂಬುದು ಅವರ ಆಸೆ. ನಾವೆಲ್ಲ ಇದನ್ನು ಈಗಲೂ ಫ್ಲೆಕ್ಸ್ ಎಂದೇ ಕರೆಯುತ್ತೇವೆ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾದ ಮೇಲೆ ಅಣ್ಣ ಬಟ್ಟೆಯ ಮೇಲೆ ಮುದ್ರಣ ಮಾಡಿಸುತ್ತಾನೆ, ಹೆಸರು ಮಾತ್ರ ಬದಲಾಗಿಲ್ಲ.

ಸಂಘದ ಕಾರ್ಯದರ್ಶಿಗಳು ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದರು. ಕೆಲವು ವರ್ಷಗಳ ಹಿಂದೆ ಅಣ್ಣನೇ ಆ ಶಾಲೆಗೆ ತೆಗೆದುಕೊಟ್ಟಿದ್ದ ಹತ್ತನೆಯ ತರಗತಿಯ ಗುಂಪು ಫೋಟೊ ಅದು. ಅದರಲ್ಲಿ ಮೇಷ್ಟ್ರು ಕೂತಿದ್ದ ಭಾಗವನ್ನು ಮಾತ್ರ ಕತ್ತರಿಸಿ ಕಳಿಸಿದ್ದರು. ಮೇಷ್ಟ್ರು ಫೋಟೊ ಎಂದರೆ ದೂರ ಸರಿಯುತ್ತಿದ್ದವರಂತೆ. ಮನೆಯಲ್ಲಿದ್ದದ್ದು ಯೌವನದ ಚಿತ್ರಗಳು. ಹುಡುಗರು ಕಂಡ ಮೇಷ್ಟ್ರು, ದಪ್ಪ ಚೌಕಟ್ಟಿನ ಕನ್ನಡಕದವರು, ಇದ್ದದ್ದು ಆ ಗುಂಪು ಫೋಟೊದಲ್ಲೊಂದೇ. ಇನ್ನೊಮ್ಮೆ ತೆಗೆಯೋಣ ಎನ್ನುವಂತೆ ಇರಲಿಲ್ಲ.

ಅಣ್ಣ ನೋಡಿದವನೇ "ರೆಸೊಲ್ಯೂಷನ್ ಸಾಲದು ಸಾರ್, ದೊಡ್ಡದಾಗಲ್ಲ" ಎಂದು ಒಂದೇ ಸಾಲು ಉತ್ತರ ಹಾಕಿದ. ಸಂಜೆ ಫೋನ್ ಬಂತು. "ಏನಪ್ಪಾ, ನನ್ನ ಫೋನಿನಲ್ಲಿ ಎಷ್ಟು ಚೆನ್ನಾಗಿ ಕಾಣ್ತದೆ! ಕಂಪ್ಯೂಟರಿನಲ್ಲಿ 300 ಅಂತ ಹಾಕಿದರೆ ಆಗುತ್ತದಂತೆ, ನಮ್ಮ ಹುಡುಗ ಹೇಳಿದ. ದುಡ್ಡು ಜಾಸ್ತಿ ಬೇಕಿದ್ದರೆ ಹಾಗೇ ಹೇಳು." ಅಣ್ಣನಿಗೆ ಕೋಪ ಬಂತು, ನನಗೆ ಮಾತ್ರ ಅವರ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. ಫೋನಿನಲ್ಲಿ ಚೆನ್ನಾಗಿ ಕಾಣುವುದು ಫಲಕದಲ್ಲಿ ಏಕೆ ಕೆಡಬೇಕು? "ರೆಸೊಲ್ಯೂಷನ್" ಎಂಬ ಪದ ಅದಕ್ಕೆ ಉತ್ತರವಲ್ಲ. ಆ ರಾತ್ರಿ ಇಬ್ಬರೂ ಕೂತು ಮತ್ತೊಂದು ಉತ್ತರ ಬರೆದೆವು. ಅವರ ಒಪ್ಪಿಗೆಯೊಂದಿಗೆ, ಹೆಸರುಗಳನ್ನು ಬಿಟ್ಟು, ಅದನ್ನು ಇಲ್ಲಿ ಕೊಡುತ್ತಿದ್ದೇನೆ.

"ಮಾನ್ಯರೇ, ನಮಸ್ಕಾರ.

ಬೆಳಿಗ್ಗೆ ನಾನು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟದ್ದು ತಪ್ಪಾಯಿತು. ಇದರಲ್ಲಿ ಹಣದ ಪ್ರಶ್ನೆ ಇಲ್ಲ. ತಾವು ಕಳಿಸಿದ ಚಿತ್ರವನ್ನು ಇದ್ದಂತೆಯೇ ಮುದ್ರಿಸಿದರೆ ನನಗೆ ಕೆಲಸ ಕಡಿಮೆ, ಬಿಲ್ಲು ಅಷ್ಟೇ. ಆದರೆ ಗೇಟಿನ ಹತ್ತಿರ ನಿಂತವರಿಗೆ ಮೇಷ್ಟ್ರ ಗುರುತು ಸಿಗುವುದಿಲ್ಲ. ಅದೇಕೆ ಎಂದು ಬರೆಯುತ್ತೇನೆ.

ಫೋಟೊ ಎಂದರೆ ಕಂಪ್ಯೂಟರಿಗೆ ಚೌಕಳಿ ಕಾಗದ ಇದ್ದಂತೆ. ಪ್ರತಿ ಚೌಕಕ್ಕೂ ಒಂದೇ ಒಂದು ಬಣ್ಣ. ಆ ಚೌಕಕ್ಕೆ ಪಿಕ್ಸೆಲ್ ಎನ್ನುತ್ತೇವೆ. ಆ ದಿನ ನನ್ನ ಕ್ಯಾಮರಾ ತೆಗೆದ ಗುಂಪು ಫೋಟೊದಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000 ಚೌಕಗಳಿದ್ದವು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದು ತಮ್ಮ ಫೋನು ಸೇರುವ ಹೊತ್ತಿಗೆ ಅದು 1600 ಅಡ್ಡ, 1067 ಉದ್ದಕ್ಕೆ ಇಳಿದಿದೆ. ಅದರಲ್ಲಿ 48 ಜನ ಇದ್ದಾರೆ. ಮೇಷ್ಟ್ರ ಪಾಲಿಗೆ, ತಲೆಯಿಂದ ಎದೆಯವರೆಗೆ, ಬಂದಿರುವುದು ಅಡ್ಡಕ್ಕೆ 120, ಉದ್ದಕ್ಕೆ 150 ಚೌಕ ಮಾತ್ರ. ತಾವು ಕತ್ತರಿಸಿ ಕಳಿಸಿದ್ದು ಅಷ್ಟೇ.

ಮೇಷ್ಟ್ರ ಭುಜದಿಂದ ಭುಜಕ್ಕೆ ಸುಮಾರು 48 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಅದನ್ನು 120 ಚೌಕಗಳಿಗೆ ಹಂಚಿದರೆ ಒಂದು ಚೌಕ 4 ಮಿ.ಮೀ. ಅಗಲವನ್ನು ಹೊತ್ತಿದೆ. ಅವರ ಕನ್ನಡಕದ ಚೌಕಟ್ಟು 3 ಮಿ.ಮೀ. ಇದ್ದಿರಬಹುದು. ಅಂದರೆ ಚೌಕಟ್ಟೂ ಅದರ ಪಕ್ಕದ ಚರ್ಮವೂ ಒಂದೇ ಚೌಕದಲ್ಲಿ ಕಲಸಿ ಒಂದೇ ಬಣ್ಣವಾಗಿವೆ. ಒಂದು ಕಣ್ಣಿಗೆ ಸಿಕ್ಕಿರುವುದು ಅಡ್ಡಕ್ಕೆ ಏಳೆಂಟು ಚೌಕ. ಫೋನಿನ ಮೇಲೆ ಕಣ್ಣು ಅಷ್ಟು ಚಿಕ್ಕದಾಗಿರುವುದರಿಂದ ಆ ಕೊರತೆ ತಮಗೆ ಕಾಣುವುದಿಲ್ಲ.

ಫಲಕದಲ್ಲಿ ಮೇಷ್ಟ್ರ ಚಿತ್ರ 8 ಅಡಿ ಅಗಲ, 10 ಅಡಿ ಎತ್ತರ ಬೇಕು ಎಂದಿದ್ದೀರಿ. 8 ಅಡಿ ಎಂದರೆ 2440 ಮಿ.ಮೀ. ಅದನ್ನು 120ರಿಂದ ಭಾಗಿಸಿದರೆ ಒಂದೊಂದು ಚೌಕವೂ 20 ಮಿ.ಮೀ.ಗಿಂತ ಸ್ವಲ್ಪ ದೊಡ್ಡದು. ನಮ್ಮ ರೂಪಾಯಿ ನಾಣ್ಯದಷ್ಟು ಎನ್ನಬಹುದು. ನಾಣ್ಯಗಳನ್ನು ಜೋಡಿಸಿ ಮುಖ ಬರೆದಂತೆ ಆಗುತ್ತದೆ.

ಕಂಪ್ಯೂಟರಿನಲ್ಲಿ 300 ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಹಾಕಬಹುದು. ಹಾಕಿದಾಗ ಎರಡರಲ್ಲಿ ಒಂದು ನಡೆಯುತ್ತದೆ. ಒಂದು, ಇರುವ 120 ಚೌಕಗಳನ್ನೇ ಇಂಚಿಗೆ 300ರಂತೆ ಒತ್ತಾಗಿ ಮುದ್ರಿಸು ಎಂದು ಯಂತ್ರಕ್ಕೆ ಹೇಳಿದಂತಾಗುತ್ತದೆ. ಆಗ ಚಿತ್ರ ಒಂದು ಸೆಂಟಿಮೀಟರು ಅಗಲ ಬರುತ್ತದೆ, ಅಷ್ಟೇ. ಇಲ್ಲವೇ, ಕಂಪ್ಯೂಟರು ಇರುವ ಚೌಕಗಳ ನಡುವೆ ಹೊಸ ಚೌಕಗಳನ್ನು ತುಂಬುತ್ತದೆ. ಅವುಗಳ ಬಣ್ಣವನ್ನು ಅದು ಮೇಷ್ಟ್ರನ್ನು ನೋಡಿ ತುಂಬುವುದಿಲ್ಲ, ಅಕ್ಕಪಕ್ಕದ ಚೌಕಗಳ ಸರಾಸರಿ ತೆಗೆದು ತುಂಬುತ್ತದೆ. ಕಲಸಿಹೋದ ಚೌಕಟ್ಟು ಮರಳಿ ಬೇರೆಯಾಗುವುದಿಲ್ಲ. ಚೌಕಗಳ ಅಂಚು ಮಾಸಿ ಮುಖ ಮಂಜು ಕವಿದಂತೆ ಆಗುತ್ತದೆ.

ಎಲ್ಲ ದೊಡ್ಡ ಫಲಕಕ್ಕೂ ದೊಡ್ಡ ಚಿತ್ರ ಬೇಕೆಂದು ನಾನು ಹೇಳುತ್ತಿಲ್ಲ. ಹೆದ್ದಾರಿಯಲ್ಲಿ ದೂರದಿಂದ ಬಸ್ಸಿನಲ್ಲಿ ನೋಡುವ ಫಲಕದಲ್ಲಿ ಒರಟು ಚಿತ್ರವೂ ನಡೆಯುತ್ತದೆ. ನಮ್ಮ ಫಲಕವನ್ನು ಜನ ರಸ್ತೆಯ ಆಚೆ ಬದಿಯಿಂದ, ಸುಮಾರು 15 ಮೀಟರು ದೂರದಿಂದ ನೋಡುತ್ತಾರೆ. ಅಲ್ಲಿಂದ ಸ್ಪಷ್ಟವಾಗಿ ಕಾಣಬೇಕಾದರೆ ಅಡ್ಡಕ್ಕೆ ಐನೂರಕ್ಕಿಂತ ಹೆಚ್ಚು ಚೌಕ ಬೇಕು. ನಮ್ಮಲ್ಲಿ ಇರುವುದು 120.

ನಾನು ಮಾಡಬಹುದಾದದ್ದು ಇಷ್ಟು. ಮೂಲ ಕಡತ ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇರಬೇಕು. ಅದು ಸಿಕ್ಕರೆ ಮೇಷ್ಟ್ರ ಪಾಲಿಗೆ 450 ಚೌಕ ಬರುತ್ತದೆ, ಕೆಲಸ ಆದಂತೆಯೇ. ಸಿಗದಿದ್ದರೆ, ಶಾಲೆಗೆ ಅದೇ ಫೋಟೊದ ಪ್ರಿಂಟ್ ಕಟ್ಟು ಹಾಕಿಸಿ ಕೊಟ್ಟಿದ್ದೆ. ಅದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದ್ದರೆ ದಯವಿಟ್ಟು ಹಾಗೆಯೇ ಕಟ್ಟಿನ ಸಮೇತ ಕಳಿಸಿಕೊಡಿ. ಫೋನಿನಿಂದ ಅದರ ಫೋಟೊ ತೆಗೆದು ಕಳಿಸಬೇಡಿ, ಗಾಜಿನ ಹೊಳಪು ಬೀಳುತ್ತದೆ. ಯಾರ ಬಳಿಯಾದರೂ ಮೂಲ ಕಡತ ಇದ್ದರೆ ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸದೆ Document ಎಂದು ಕಳಿಸಲು ಹೇಳಿ, ಆಗ ಅದು ಕುಗ್ಗುವುದಿಲ್ಲ.

ಮುದ್ರಣಕ್ಕೆ ಗುರುವಾರ ಸಂಜೆಯೊಳಗೆ ಕೊಡಬೇಕು. ಬುಧವಾರದವರೆಗೆ ಕಾಯುತ್ತೇನೆ.

ವಂದನೆಗಳೊಂದಿಗೆ."

ಇ-ಮೇಲ್ ಇಷ್ಟು. ಇದನ್ನು ಪಾಠ ಮಾಡಬಹುದು ಎನ್ನಿಸಿದ್ದು ಅದರಲ್ಲಿದ್ದ ಭಾಗಾಕಾರಗಳಿಂದ. 2440ನ್ನು 120ರಿಂದ ಭಾಗಿಸುವುದು ಆರನೆಯ ತರಗತಿಯ ಲೆಕ್ಕ. ಆದರೆ ಅದರಿಂದ ಬಂದ 20 ಮಿ.ಮೀ. ಹೆಚ್ಚೋ ಕಡಿಮೆಯೋ ಎಂದು ಹೇಳಲು ಇನ್ನೊಂದು ಅಳತೆ ಬೇಕು, ಅದು ಕಣ್ಣಿನದು. ನನ್ನ ಮೊದಲ ಪಾಠಯೋಜನೆಯಲ್ಲಿ ಈ ಎರಡನೆಯ ಅಳತೆ ಇರಲೇ ಇಲ್ಲ.

ಮೊದಲ ಅವಧಿಯಲ್ಲಿ ಚೌಕಳಿ ಹಾಳೆ ಹಂಚಿ, "ಮ" ಅಕ್ಷರವನ್ನು 6×6 ಚೌಕಗಳಲ್ಲಿ ಒಮ್ಮೆ, 24×24 ಚೌಕಗಳಲ್ಲಿ ಒಮ್ಮೆ, ಚೌಕ ತುಂಬಿಯೇ ಬರೆಯಲು ಹೇಳಿದೆ. ನಿಯಮ ಒಂದೇ: ಚೌಕವನ್ನು ಪೂರ್ತಿ ತುಂಬಬೇಕು, ಇಲ್ಲವೇ ಪೂರ್ತಿ ಬಿಡಬೇಕು. ಆರರ ಹಾಳೆಯಲ್ಲಿ ಬಂದದ್ದನ್ನು ಕೆಲವರು "ಮ" ಎಂದರು, ಕೆಲವರು "ಪ" ಎಂದರು, ಇನ್ನು ಕೆಲವರು "ವ" ಎಂದು ಓದಿದರು. ಬರೆದವರೇ ಜಗಳಕ್ಕೆ ನಿಂತರು. ಇಲ್ಲಿಯವರೆಗೆ ಪಾಠ ಚೆನ್ನಾಗಿ ನಡೆಯಿತು.

ಆಮೇಲೆ ನಾನು ಕಪ್ಪುಹಲಗೆಯ ಮೇಲೆ "ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು" ಎಂದು ದೊಡ್ಡದಾಗಿ ಬರೆದೆ. 8 ಅಡಿಗೆ 96 ಇಂಚು, 96 ಗುಣಿಲೆ 300, ಅಂದರೆ 28,800 ಪಿಕ್ಸೆಲ್ ಬೇಕು ಎಂದು ಲೆಕ್ಕವನ್ನೂ ಮಾಡಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಫಲಕ ಕಟ್ಟುವ ಕೆಲಸದವರಂತೆ. "ಸಾರ್, ಕಟ್ಟೋವಾಗ ಹತ್ತಿರದಿಂದ ನೋಡಿದರೆ ಎಲ್ಲ ಬೋರ್ಡೂ ಚುಕ್ಕಿ ಚುಕ್ಕಿ ಇರ್ತವೆ ಸಾರ್. ಕೆಳಗಿಳಿದು ನೋಡಿದರೆ ಚೆನ್ನಾಗಿರ್ತವೆ. ಅವಕ್ಕೆಲ್ಲ 300 ಇರುತ್ತಾ?" ನನ್ನಲ್ಲಿ ಉತ್ತರ ಇರಲಿಲ್ಲ. 28,800 ಪಿಕ್ಸೆಲ್ ಅಗಲದ ಚಿತ್ರ ತೆಗೆಯುವ ಕ್ಯಾಮರಾ ಅಣ್ಣನ ಹತ್ತಿರವೂ ಇಲ್ಲ. ಹಾಗಿದ್ದ ಮೇಲೆ ಊರಿನ ಫಲಕಗಳೆಲ್ಲ ಹೇಗೆ ಬಂದವು? ಇ-ಮೇಲಿನಲ್ಲಿ ಅಣ್ಣ ಹೇಳಿ ಬರೆಸಿದ್ದ "15 ಮೀಟರು ದೂರದಿಂದ" ಎಂಬ ಮಾತನ್ನು ನಾನೇ ಬರೆದಿದ್ದರೂ ಅದರ ಅರ್ಥ ನನಗೆ ಹೊಳೆದಿರಲಿಲ್ಲ. ಹಿಂದೆ ಕೂತಿದ್ದ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಒಂದೇ ವಾಕ್ಯ ಬರೆದರು: "300 ಎಲ್ಲಿಂದ ಬಂತು?"

ಎರಡನೆಯ ಅವಧಿಯನ್ನು ಆ ಪ್ರಶ್ನೆಯಿಂದಲೇ ಶುರುಮಾಡಿದೆ. ಒಂದು ಬಿಳಿ ಹಾಳೆಯ ಮೇಲೆ 2 ಮಿ.ಮೀ. ದಪ್ಪದ ಕಪ್ಪು ಗೆರೆಗಳನ್ನು 2 ಮಿ.ಮೀ. ಅಂತರ ಬಿಟ್ಟು ಎಳೆದು ವರಾಂಡದ ಗೋಡೆಗೆ ಅಂಟಿಸಿದೆವು. ಮಕ್ಕಳು ಒಬ್ಬೊಬ್ಬರಾಗಿ ಹಿಂದೆ ಹಿಂದೆ ನಡೆದು, ಗೆರೆಗಳು ಸೇರಿ ಬೂದು ಪಟ್ಟಿಯಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಗುರುತುಗಳು 5 ಮೀಟರಿನಿಂದ 8 ಮೀಟರಿನವರೆಗೆ ಬಿದ್ದವು. ಹೆಚ್ಚಿನವು 6, 7 ಮೀಟರಿನ ಹತ್ತಿರ. ಒಬ್ಬ ಹುಡುಗಿಯ ಗುರುತು ಮಾತ್ರ 3 ಮೀಟರಿಗೆ ಬಿತ್ತು. ಅವಳಿಗೆ ಕಣ್ಣಿನ ಪರೀಕ್ಷೆ ಮಾಡಿಸಲು ತರಗತಿ ಶಿಕ್ಷಕರಿಗೆ ಹೇಳಿದೆ. ಪಾಠಯೋಜನೆಯಲ್ಲಿ ಇರದಿದ್ದ ಲಾಭ ಅದು.

ಈ ದೂರಕ್ಕೆ ಕಾರಣ ಕೋನ. ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ, ಅಂದರೆ ಒಂದು ಮಿನಿಟು ಕೋನದಷ್ಟು ಅಂತರವಿರುವ ಎರಡನ್ನು ಬೇರೆ ಬೇರೆಯಾಗಿ ಕಾಣಬಲ್ಲದು. ಅದಕ್ಕಿಂತ ಕಡಿಮೆಯಾದರೆ ಎರಡೂ ಒಂದಾಗುತ್ತವೆ. ಕಣ್ಣಿನ ವೈದ್ಯರ ಹಲಗೆಯ ಮೇಲಿನ 6/6 ಸಾಲಿನ ಅಕ್ಷರಗಳನ್ನು ಇದೇ ಲೆಕ್ಕದಲ್ಲಿ ಮಾಡಿರುತ್ತಾರೆ. ಅಲ್ಲಿ ಅಕ್ಷರದ ಗೆರೆಯ ದಪ್ಪ 6 ಮೀಟರು ದೂರದಿಂದ ಸರಿಯಾಗಿ ಒಂದು ಮಿನಿಟು ಕೋನಕ್ಕೆ ಸಮ, ಸುಮಾರು 1.75 ಮಿ.ಮೀ.

ಮಿನಿಟು ಕೋನವನ್ನು ಮಿಲಿಮೀಟರಿಗೆ ತರಲು ಮಕ್ಕಳಿಗೆ ಗೊತ್ತಿರುವ ಕಂಸದ ಉದ್ದದ ಸೂತ್ರವೇ ಸಾಕು. 1 ಮೀಟರು, ಅಂದರೆ 1000 ಮಿ.ಮೀ. ತ್ರಿಜ್ಯದ ವೃತ್ತ ಎಳೆದರೆ ಪರಿಧಿ ಸುಮಾರು 6283 ಮಿ.ಮೀ. ಪೂರ್ಣ ವೃತ್ತದಲ್ಲಿ 360 ಗುಣಿಲೆ 60, ಅಂದರೆ 21,600 ಮಿನಿಟುಗಳಿವೆ. ಭಾಗಿಸಿದರೆ ಒಂದು ಮಿನಿಟಿಗೆ 0.29 ಮಿ.ಮೀ. ಲೆಕ್ಕದ ಅನುಕೂಲಕ್ಕೆ 0.3 ಎಂದುಕೊಂಡೆವು. ಒಂದು ಮೀಟರು ದೂರಕ್ಕೆ 0.3 ಮಿ.ಮೀ., ಹತ್ತು ಮೀಟರಿಗೆ 3 ಮಿ.ಮೀ. ಹಲಗೆಯ ಮೇಲೆ ಉಳಿದದ್ದು ಈ ಒಂದೇ ಸಾಲು:

```
ಕಣ್ಣಿಗೆ ಬೇರೆಯಾಗಿ ಕಾಣುವ ಅಂತರ (ಮಿ.ಮೀ.) = 0.3 × ದೂರ (ಮೀಟರು)
```

ನಮ್ಮ 2 ಮಿ.ಮೀ. ಗೆರೆಗಳು 2 ÷ 0.3, ಅಂದರೆ ಸುಮಾರು 6.7 ಮೀಟರಿನಲ್ಲಿ ಸೇರಬೇಕು. ವರಾಂಡದಲ್ಲಿ ಸೀಮೆಸುಣ್ಣದ ಗುರುತುಗಳು ಬಿದ್ದಿದ್ದ ಜಾಗ ಅದೇ. ಮಕ್ಕಳು ಹೊರಗೆ ಓಡಿಹೋಗಿ ಮತ್ತೊಮ್ಮೆ ನೋಡಿ ಬಂದರು.

300ರ ಮೂಲವೂ ಇಲ್ಲಿಯೇ ಸಿಕ್ಕಿತು. ಪುಸ್ತಕವನ್ನೋ ಕೈಯಲ್ಲಿನ ಫೋಟೊವನ್ನೋ ನಾವು ಸುಮಾರು 30 ಸೆಂ.ಮೀ. ದೂರದಲ್ಲಿ ಹಿಡಿಯುತ್ತೇವೆ. 0.3 ಮೀಟರಿಗೆ 0.3 ಗುಣಿಸಿದರೆ 0.09 ಮಿ.ಮೀ. ಒಂದು ಇಂಚಿನಲ್ಲಿ, 25.4 ಮಿ.ಮೀ.ನಲ್ಲಿ, ಅಂಥವು ಸುಮಾರು 280 ಹಿಡಿಯುತ್ತವೆ. ಅದನ್ನೇ ದುಂಡಾಗಿಸಿ 300 ಎನ್ನುತ್ತಾರೆ. ಅಂದರೆ 300 ಎಂಬುದು ಕೈಯಲ್ಲಿ ಹಿಡಿದು ನೋಡುವ ಚಿತ್ರದ ಅಳತೆ, ಫಲಕದ್ದಲ್ಲ. 15 ಮೀಟರಿನಿಂದ ನೋಡುವ ಫಲಕಕ್ಕೆ 4.5 ಮಿ.ಮೀ.ನ ಚೌಕ ಸಾಕು. 2440ನ್ನು 4.5ರಿಂದ ಭಾಗಿಸಿದರೆ 542. ಇ-ಮೇಲಿನಲ್ಲಿ "ಐನೂರಕ್ಕಿಂತ ಹೆಚ್ಚು" ಎಂದಿದ್ದು ಇದೇ. ಹಿಂದಿನ ದಿನದ ನನ್ನ 28,800ನ್ನು ಅದೇ ಹುಡುಗನ ಕೈಯಿಂದ ಒರೆಸಿಸಿದೆ.

ಈಗ ಕಾರ್ಯದರ್ಶಿಗಳ ಪ್ರಶ್ನೆಗೂ ನೇರ ಉತ್ತರ ಸಿಗುತ್ತದೆ. 20 ಮಿ.ಮೀ. ಚೌಕಗಳ ಆ ಮುಖ ಎಷ್ಟು ದೂರದಿಂದ ನೋಡಿದರೆ ಸರಿಯಾಗಿ ಕಾಣುತ್ತದೆ? 20 ÷ 0.3, ಸುಮಾರು 67 ಮೀಟರು. ಅಷ್ಟು ದೂರದಿಂದ 8 ಅಡಿ ಅಗಲದ ಚಿತ್ರ ಎಷ್ಟು ದೊಡ್ಡದಾಗಿ ತೋರುತ್ತದೆ ಎಂದು ಸಮರೂಪ ತ್ರಿಭುಜ ಹಾಕಿ ನೋಡಿದೆವು. 67 ಮೀಟರು ಆಚೆಯ 2440 ಮಿ.ಮೀ., 30 ಸೆಂ.ಮೀ. ದೂರದ ಕೈಯಲ್ಲಿ ಹಿಡಿದ 11 ಮಿ.ಮೀ.ಗೆ ಸಮ. ಅಂದರೆ ಫೋನಿನ ಮೇಲೆ ಬೆರಳ ಉಗುರಿನಷ್ಟು ಕಾಣುವ ಮುಖವನ್ನು ಹತ್ತು ಅಡಿ ಎತ್ತರಕ್ಕೆ ಹಿಗ್ಗಿಸಿ, ಆಮೇಲೆ ಅದು ಚೆನ್ನಾಗಿ ಕಾಣಬೇಕೆಂದು ಮತ್ತೆ ಉಗುರಿನಷ್ಟಾಗುವವರೆಗೆ ಹಿಂದೆ ಸರಿದಂತಾಯಿತು. ಆ ಗೇಟಿನ ಮುಂದೆ 67 ಮೀಟರು ಹಿಂದೆ ಹೋದರೆ ರಾಗಿ ಹೊಲದೊಳಗೆ ನಿಂತಿರುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ ಸೇರಿಸಬೇಕು. ಒಂದು ಮಿನಿಟು ಎಂಬುದು ಕಣ್ಣು ತಲುಪಬಲ್ಲ ಕಟ್ಟಕಡೆಯ ಗಡಿ. ಚಿತ್ರ ಆ ಗಡಿಗೆ ಬರದಿದ್ದರೆ ಕೆಟ್ಟಿತೆಂದಲ್ಲ. ಚೌಕ ಅದರ ಎರಡರಷ್ಟು ದೊಡ್ಡದಾದರೂ ನೋಡುವವರು ಒಪ್ಪುತ್ತಾರೆ, ಅದಕ್ಕೂ ಮೇಲೆ ಹೋದರೆ ದೂರು ಬರುತ್ತದೆ ಎಂಬುದು ಅಣ್ಣನ ಅನುಭವ. ವಾಟ್ಸಾಪ್ ತುಣುಕಿನಿಂದ ಮಾಡಿದರೆ 15 ಮೀಟರಿನಲ್ಲಿ ಚೌಕ ನಾಲ್ಕೂವರೆ ಪಟ್ಟು ದೊಡ್ಡದಾಗುತ್ತಿತ್ತು.

ನಡುವೆ ಚೌಕ ತುಂಬಿಸುವ ವಿಷಯಕ್ಕೆ ಹೆಚ್ಚು ಸಮಯ ಕೊಟ್ಟೆ. "ಕಂಪ್ಯೂಟರ್ ಎಲ್ಲ ಮಾಡುತ್ತದೆ" ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿಯೇ ಇದೆ. ಕಂಪ್ಯೂಟರ್ ಬಣ್ಣವನ್ನು ಸಂಖ್ಯೆಯಾಗಿ ಇಡುತ್ತದೆ. ಬೂದು ಚಿತ್ರದಲ್ಲಿ ಕಪ್ಪಿಗೆ 0, ಬಿಳಿಗೆ 255. ಕನ್ನಡಕದ ಚೌಕಟ್ಟು 40, ಪಕ್ಕದ ಚರ್ಮ 200 ಎಂದಿಟ್ಟುಕೊಂಡೆವು. ಹತ್ತಿರದಿಂದ ತೆಗೆದ ಒಳ್ಳೆಯ ಚಿತ್ರದ ಒಂದು ಸಾಲು ಹೀಗಿರುತ್ತದೆ:

```
200  200  40  40  200  200  200  200
```

ಇದನ್ನು ನಾಲ್ಕು ನಾಲ್ಕು ಸೇರಿಸಿ ಸರಾಸರಿ ತೆಗೆದು ಎರಡೇ ಚೌಕಕ್ಕೆ ಇಳಿಸಲು ಹೇಳಿದೆ. ಬಂದದ್ದು 120 ಮತ್ತು 200. ಆಮೇಲೆ ಹಾಳೆಯನ್ನು ಪಕ್ಕದ ಗುಂಪಿಗೆ ಕೊಟ್ಟು, ಮೂಲ ಸಾಲನ್ನು ತೋರಿಸದೆ, ಈ ಎರಡರಿಂದ ಎಂಟನ್ನು ಮರಳಿ ಬರೆಯಿರಿ ಎಂದೆ. ಒಂದು ಗುಂಪು ನಾಲ್ಕು 120, ನಾಲ್ಕು 200 ಎಂದು ಬರೆಯಿತು. ಇನ್ನೊಂದು 120ರಿಂದ 200ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿತು. ಎರಡನೆಯದು ನೋಡಲು ನಯವಾಗಿದೆ, ಫೋಟೊಶಾಪಿನ `Image Size` ಕಿಟಕಿಯಲ್ಲಿ `Resample` ಗುರುತು ಹಾಕಿದಾಗ ಆಗುವುದೂ ಹೆಚ್ಚುಕಡಿಮೆ ಅದೇ. ಯಾವ ಗುಂಪಿನಲ್ಲೂ 40 ಬರಲಿಲ್ಲ. ಬರುವಂತೆಯೂ ಇರಲಿಲ್ಲ, ಏಕೆಂದರೆ 200, 200, 40, 40 ಎಂಬುದರ ಸರಾಸರಿಯೂ 120, ನಾಲ್ಕು 120ಗಳ ಸರಾಸರಿಯೂ 120. ಸರಾಸರಿಯಿಂದ ಮೂಲ ಅಂಕಗಳಿಗೆ ಹಿಂದಿರುಗಲು ದಾರಿ ಇಲ್ಲ. ಸಂಖ್ಯಾಶಾಸ್ತ್ರದ ಅಧ್ಯಾಯದಲ್ಲಿ ಸರಾಸರಿಯ ಈ ಮಿತಿಯನ್ನು ಹೇಳಿಕೊಡಲು ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ.

ಇ-ಮೇಲಿನಲ್ಲಿ ಬಿಟ್ಟಿದ್ದ ಇನ್ನೊಂದು ಕಾರಣವೂ ಇದೆ. ಫೋಟೊ ಕಡತಗಳ ಸಾಮಾನ್ಯ ರೂಪವಾದ ಜೆಪೆಗ್, ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಮಾಡಿಕೊಂಡು, ಪ್ರತಿ ತುಂಡಿನೊಳಗಿನ ಸಣ್ಣ ಏರಿಳಿತಗಳನ್ನು ಬಿಟ್ಟು ಜಾಗ ಉಳಿಸುತ್ತದೆ. ಮೇಷ್ಟ್ರ ಒಂದು ಕಣ್ಣಿಗೆ ಇದ್ದದ್ದೇ ಏಳೆಂಟು ಪಿಕ್ಸೆಲ್. ಇಡೀ ಕಣ್ಣು ಒಂದೇ ತುಂಡಿನಲ್ಲಿ ಮುಗಿದಿತ್ತು. ಫಲಕದ ಮೇಲೆ ಆ ತುಂಡು 16 ಸೆಂ.ಮೀ. ಚೌಕವಾಗುತ್ತದೆ. ಅಣ್ಣ ಒಮ್ಮೆ ಹಿಗ್ಗಿಸಿ ತೋರಿಸಿದಾಗ ಮುಖದ ಮೇಲೆ ಹೆಂಚು ಜೋಡಿಸಿದಂತೆ ಗೆರೆಗಳು ಕಂಡವು. ಹೆಂಚಿನ ಕಾರ್ಖಾನೆಗಳ ಊರಿನ ಮಕ್ಕಳಿಗೆ ಅದನ್ನು ಬೇರೆ ರೀತಿ ವಿವರಿಸಬೇಕಾಗಲಿಲ್ಲ. ಹಿಗ್ಗಿಸಿದ ಚಿತ್ರ ಕೆಟ್ಟಿದೆಯೇ ಎಂದು ತಿಳಿಯಲು ಪರದೆಯ ಮೇಲೆ ಈ ಹೆಂಚಿನ ಗೆರೆಗಳನ್ನು ಹುಡುಕುವುದೇ ಸುಲಭದ ದಾರಿ.

"120×150 ಅಷ್ಟೊಂದು ಕಡಿಮೆಯೇ?" ಎಂದು ಒಬ್ಬಳು ಕೇಳಿದಳು. ಅದಕ್ಕೆ 1957ರ ಒಂದು ಚಿತ್ರದ ಕಥೆ ಹೇಳಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಷ್ ಎಂಬ ಎಂಜಿನಿಯರ್ ತನ್ನ ಎಳೆಯ ಮಗನ ಫೋಟೊವನ್ನು ಕಂಪ್ಯೂಟರಿಗೆ ಸೇರಿಸಿದರು. ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಹೋದ ಮೊದಲ ಚಿತ್ರ ಅದು. ಅದರ ಅಳತೆ 176×176, ಸುಮಾರು 31 ಸಾವಿರ ಪಿಕ್ಸೆಲ್. ಮೂಲ ಫೋಟೊ 5 ಸೆಂ.ಮೀ. ಅಗಲದ್ದು. ನಾವು ಹತ್ತು ಅಡಿಗೆ ಏರಿಸಲು ಹೊರಟಿದ್ದ ಚಿತ್ರದಲ್ಲಿ 18 ಸಾವಿರ ಪಿಕ್ಸೆಲ್ ಇದ್ದವು.

ಹಾಗಾದರೆ ಡಿಜಿಟಲ್ ಬರುವ ಮೊದಲು ದೊಡ್ಡ ಚಿತ್ರಗಳೇ ಇರಲಿಲ್ಲವೇ? ಇದ್ದವು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕೊಡಾಕ್ ಕಂಪನಿ 1950ರಿಂದ 1990ರವರೆಗೆ 18 ಅಡಿ ಎತ್ತರ, 60 ಅಡಿ ಅಗಲದ ಬಣ್ಣದ ಪಾರದರ್ಶಕ ಚಿತ್ರಗಳನ್ನು ಹಿಂದಿನಿಂದ ಬೆಳಕು ಕೊಟ್ಟು ತೋರಿಸುತ್ತಿತ್ತು. ಕಲರಾಮ ಎಂದು ಅದರ ಹೆಸರು. ಆದರೆ ಆ ಚಿತ್ರಗಳನ್ನು ಮೊದಲಿನಿಂದಲೇ ಆ ಅಗಲಕ್ಕೆಂದು ಯೋಚಿಸಿ ತೆಗೆಯುತ್ತಿದ್ದರು. ಗುಂಪಿನ ಒಂದು ಮೂಲೆಯನ್ನು ಕತ್ತರಿಸಿ ಹಿಗ್ಗಿಸುತ್ತಿರಲಿಲ್ಲ.

ಇನ್ನು ನಮ್ಮ ಫಲಕದ ವಿಷಯ. ಇ-ಮೇಲ್ ಓದಿದ ಕಾರ್ಯದರ್ಶಿಗಳು ಮರುದಿನ ಸ್ಟುಡಿಯೊಗೇ ಬಂದರು. "ನಾಣ್ಯ ಜೋಡಿಸಿದ ಹಾಗೆ ಅಂತ ಬರೆದೆಯಲ್ಲ, ಅಲ್ಲಿಗೆ ಅರ್ಥ ಆಯ್ತು" ಎಂದರು. ಉಳಿದ ಅಂಕಿಗಳನ್ನು ಅವರು ಓದಿದಂತೆ ಕಾಣಲಿಲ್ಲ. ಅಣ್ಣನ ಹಳೆಯ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿತೇ ಹೊರತು ತೆರೆಯಲಿಲ್ಲ. ಮೂಲ ಕಡತದ ಆಸೆ ಅಲ್ಲಿಗೆ ಮುಗಿಯಿತು. ಉಳಿದದ್ದು ಮುಖ್ಯೋಪಾಧ್ಯಾಯರ ಕೊಠಡಿಯ ಕಟ್ಟು.

ಕಾರ್ಯದರ್ಶಿಗಳು ಅದನ್ನು ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. 12 ಇಂಚು ಅಗಲ, 8 ಇಂಚು ಎತ್ತರದ ಪ್ರಿಂಟ್. ಗಾಜಿಗೆ ಅಂಟಿಕೊಂಡಿದ್ದರೆ ಬಿಡಿಸುವಾಗ ಮೇಲ್ಪದರ ಕಿತ್ತುಬರುತ್ತದೆ ಎಂದು ಅಣ್ಣ ಹೆದರಿದ್ದ. ಒಂದು ಮೂಲೆಯಲ್ಲಿ ಮಾತ್ರ ಅಂಟಿತ್ತು, ಮೇಷ್ಟ್ರು ಇದ್ದದ್ದು ಮಧ್ಯದಲ್ಲಿ. ಇಡೀ ಚಿತ್ರದ 1600ರಲ್ಲಿ ಅವರದ್ದು 120 ಆದ್ದರಿಂದ 12 ಇಂಚಿನ ಪ್ರಿಂಟಿನಲ್ಲಿ ಅವರ ಅಗಲ 0.9 ಇಂಚು. ಪ್ರಿಂಟಿನಲ್ಲಿ ಇಂಚಿಗೆ 300 ಚುಕ್ಕಿಯಷ್ಟು ವಿವರ ಇದೆ ಎಂದಿಟ್ಟುಕೊಂಡರೆ ಸ್ಕ್ಯಾನ್ ಮಾಡಿದಾಗ 270 ಪಿಕ್ಸೆಲ್ ಸಿಗುತ್ತದೆ. ಸ್ಕ್ಯಾನರಿಗೆ 600 ಎಂದು ಹೇಳಿದರೆ 540 ಬರುತ್ತದಲ್ಲ, ಅದೇ ಬೇಕಾದ 542 ಅಲ್ಲವೇ ಎಂದು ನಾನು ಕುಣಿದೆ. ಅಣ್ಣ ನಕ್ಕ. ಕಾಗದದಲ್ಲಿ ಇಲ್ಲದ್ದನ್ನು ಸ್ಕ್ಯಾನರು ಕೊಡುವುದಿಲ್ಲ. 600ರಲ್ಲಿ ಬರುವುದು ಕಾಗದದ ಹುರುಪು ಮತ್ತು ಧೂಳು. ಕಾರ್ಯದರ್ಶಿಗಳು ಕೇಳಿದ್ದ "300 ಹಾಕಿದರೆ" ಎಂಬ ಪ್ರಶ್ನೆಯನ್ನೇ ನಾನು ಬೇರೆ ವೇಷದಲ್ಲಿ ಕೇಳಿದ್ದೆ.

ಇರುವ 270ಕ್ಕೆ ಹೊಂದುವಂತೆ ಫಲಕವನ್ನೇ ಬದಲಿಸಿದರು. ಚಿತ್ರದ ಅಗಲ 8 ಅಡಿಯಿಂದ 4 ಅಡಿಗೆ, ಎತ್ತರ 10ರಿಂದ 5 ಅಡಿಗೆ ಇಳಿಯಿತು. 4 ಅಡಿ ಎಂದರೆ 1220 ಮಿ.ಮೀ. 270ರಿಂದ ಭಾಗಿಸಿದರೆ 4.5. ಚಿತ್ರ ಅರ್ಧವಾದದ್ದರಿಂದ 15 ಮೀಟರಿನ ಲೆಕ್ಕ ಸರಿಯಾಗಿ ಕೂತಿತು. ಉಳಿದ ಜಾಗದಲ್ಲಿ ಮೇಷ್ಟ್ರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿದರು. ಅಕ್ಷರವನ್ನು ಕಂಪ್ಯೂಟರು ಚೌಕಗಳಾಗಿ ಇಡುವುದಿಲ್ಲ, ಗೆರೆಗಳ ಸೂತ್ರವಾಗಿ ಇಡುತ್ತದೆ. ಆದ್ದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಚೂಪಾಗಿಯೇ ಬರುತ್ತದೆ. ಚಿತ್ರ ಚಿಕ್ಕದಾಯಿತೆಂದು ಸಂಘದ ಕೆಲವರು ಗೊಣಗಿದರಂತೆ.

ನುಡಿನಮನದ ದಿನ ನಾನೂ ಹೋಗಿದ್ದೆ. ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆ, ಕನ್ನಡಕದ ಚೌಕಟ್ಟು ಬೇರೆಯಾಗಿ ಕಾಣುತ್ತಿತ್ತು. ಗೇಟಿನ ಬಳಿಗೆ, ನಾಲ್ಕೈದು ಮೀಟರಿಗೆ ಬಂದಾಗ ಮುಖ ಸ್ವಲ್ಪ ಮಂಜಾಯಿತು. ಅಲ್ಲಿ ನಿಂತ ಹಳೆಯ ವಿದ್ಯಾರ್ಥಿಗಳು ತಮಗೇ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದರು.